ನುಗ್ಗೇಹಳ್ಳಿ ಸೌಜನ್ಯ ಮತ್ತು ಮಂಟಪದ ನಡುಕ

ಸೌಜನ್ಯಳಿಗೆ ಆ ಹೆಸರಿಟ್ಟವರಿಗೆ ಅವಳ ಸ್ವಭಾವದ ಸುಳಿವು ಇರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸೌಜನ್ಯವೊಂದನ್ನು ಬಿಟ್ಟು ಮಿಕ್ಕೆಲ್ಲ ಗುಣಗಳೂ ಅವಳಲ್ಲಿವೆ. ಹಳೆಯ ಕಲ್ಲಿನ ಮೇಲೆ ಯಾರಾದರೂ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಅವರು ಮಂತ್ರಿಯ ಮಗನೇ ಆಗಿರಲಿ, ಕೆಳಗಿಳಿಸಿಯೇ ಮುಂದೆ ಹೋಗುವವಳು. ನಾನು ಶ್ರವಣಬೆಳಗೊಳದ ಶ್ರೇಯಾಂಸ. ಬೆಂಗಳೂರಿನಲ್ಲಿ ಹಳೇ ಕಟ್ಟಡಗಳ ಪರೀಕ್ಷೆ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಏಳು ವರ್ಷದಿಂದ ಕೂತಿದ್ದೇನೆ. ಇಬ್ಬರೂ ಚನ್ನರಾಯಪಟ್ಟಣ ತಾಲ್ಲೂಕಿನವರು. ಹಾಗಾಗಿ ಜಗಳಕ್ಕೆ ಕಾರಣ ಹುಡುಕುವ ಶ್ರಮ ನಮಗಿಲ್ಲ.

ನುಗ್ಗೇಹಳ್ಳಿಯಲ್ಲಿ ಅವಳಪ್ಪ ಚನ್ನಪ್ಪನವರಿಗೆ ತೆಂಗಿನ ತೋಟವಿದೆ. ಅವ್ವ ಪುಟ್ಟತಾಯಮ್ಮ. ಹೊಯ್ಸಳರ ಗುಡಿಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದ ಹುಡುಗಿ. ಎಂಟನೇ ಕ್ಲಾಸಿನಲ್ಲಿದ್ದಾಗ ಗೋಡೆಯ ಮೇಲಿನ ಒಂದು ವಿಗ್ರಹದ ಮೂಗು ಯಾಕೆ ಮುರಿದಿದೆ ಎಂದು ಮೇಷ್ಟ್ರನ್ನು ಕೇಳಿದಳಂತೆ. ಮೇಷ್ಟ್ರು ಗೊತ್ತಿಲ್ಲ ಅಂದರಂತೆ. ಅವತ್ತಿನಿಂದ ಕಲ್ಲು ಯಾಕೆ ಒಡೆಯುತ್ತದೆ ಎಂದು ತಿಳಿಯುವುದೇ ಅವಳ ಬದುಕಾಯಿತು. ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದಳು, ಆಮೇಲೆ ಸ್ಮಾರಕ ಸಂರಕ್ಷಣೆ ಓದಿದಳು. ಮದುವೆ ಮಾತು ತಂದವರಿಗೆಲ್ಲ ಬಿರುಕುಗಳ ಫೋಟೋ ತೋರಿಸಿ ಓಡಿಸಿದಳು ಎಂದು ಪುಟ್ಟತಾಯಮ್ಮನ ದೂರು. ಕೊನೆಗೊಬ್ಬ ಫೋಟೋ ನೋಡಿಯೂ ಓಡಲಿಲ್ಲ. ಅವನನ್ನೇ ಕಟ್ಟಿಕೊಂಡಳು.

ಇಂಥವಳ ಕೈಗೆ ಕೆರೆಕೋಡಿ ಮಂಟಪ ಬಂತು.

ಬೆಂಗಳೂರಿನ ಹೊಸ ಮೆಟ್ರೋ ಮಾರ್ಗವೊಂದು ಆ ಮಂಟಪದ ಪಕ್ಕದಲ್ಲೇ ನೆಲದಡಿ ಹಾದುಹೋಗಬೇಕಿತ್ತು. ಮಂಟಪ ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ. ಅದರ ಎಲ್ಲೆಯಿಂದ ನೂರು ಮೀಟರಿನೊಳಗೆ ಏನನ್ನೂ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಮೆಟ್ರೋದವರು ಮಾರ್ಗವನ್ನು ಬಗ್ಗಿಸಿ ಮೊದಲ ನೂರು ಮೀಟರನ್ನು ತಪ್ಪಿಸಿದ್ದರು. ಆದರೆ ಸ್ಟೇಷನ್ನಿನ ಗುಂಡಿ ನಿಯಂತ್ರಿತ ಪ್ರದೇಶದಲ್ಲೇ ಬರುತ್ತಿತ್ತು. ಅಷ್ಟು ದೊಡ್ಡ ಕೆಲಸದಿಂದ ಮಂಟಪಕ್ಕೆ ಏನಾದೀತು, ಆಗದಂತೆ ಏನು ಮಾಡಬೇಕು ಎಂದು ಪಾರಂಪರಿಕ ಪರಿಣಾಮದ ವರದಿ ಬರೆದು ಅರ್ಜಿಯ ಜೊತೆ ಕೊಡಬೇಕು. ಅದನ್ನು ಬರೆಯುವ ಕೆಲಸ ನಮ್ಮ ಕಚೇರಿಗೆ ಸಿಕ್ಕಿತು. ಮೊದಲ ಬಾರಿಗೆ ವರದಿಯ ಕೆಳಗೆ ಮುಖ್ಯಸ್ಥೆಯಾಗಿ ಸೌಜನ್ಯಳ ಸಹಿ.

ಅವಳ ಸಂಭ್ರಮ ಕೇಳಬೇಡಿ. ಮಂಟಪದ ಪ್ರತಿ ಕಂಬದ ಅಳತೆ ತೆಗೆದಳು, ಪ್ರತಿ ಬಿರುಕನ್ನೂ ಗುರುತು ಹಾಕಿ ನಕ್ಷೆ ಮಾಡಿದಳು. ಉತ್ತರದ ಸಾಲಿನಲ್ಲಿ ತೊಲೆಯೊಂದು ಹಳೆಯ ಬಿರುಕು ಬಿಟ್ಟು, ಕಂಬದ ತುದಿಯನ್ನು ಬೆರಳಗಲದಷ್ಟೇ ಹಿಡಿದು ನಿಂತಿತ್ತು. ಅದನ್ನು ಕಂಡ ದಿನ ಊಟ ಬಿಟ್ಟಳು. "ಇದು ಬಿದ್ರೆ ಇಡೀ ಸಾಲು ಬೀಳ್ತದೆ ಕಣೋ ಶ್ರೇಯಾಂಸ" ಎಂದು ಮೂರು ಸಲ ಹೇಳಿದಳು.

ಕೆಲಸ ಶುರುವಾಗುವ ಮೊದಲು ಆ ಜಾಗ ಸದ್ಯಕ್ಕೆ ಎಷ್ಟು ನಡುಗುತ್ತಿದೆ ಎಂದು ಅಳೆಯಬೇಕಾಗುತ್ತದೆ. ಅದಕ್ಕೆ ಕಂಪನ ಅಳೆಯುವ ಪುಟ್ಟ ಡಬ್ಬಿಯನ್ನು ಕಲ್ಲಿಗೆ ಗಟ್ಟಿಯಾಗಿ ಅಂಟಿಸಬೇಕು. ಹಳೆಯ ಕಲ್ಲಿಗೆ ಅಂಟು ಹಚ್ಚುವುದೆಂದರೆ ಸೌಜನ್ಯಳಿಗೆ ಮಗುವಿನ ಕೆನ್ನೆಗೆ ಸಿಮೆಂಟು ಮೆತ್ತಿದ ಹಾಗೆ. ಸುತ್ತಾಡಿ, ಬೇಲಿಯ ಅಂಚಿನಲ್ಲಿ ಮಂಟಪದ ಜಗಲಿಗೆ ತಾಗಿದಂತಿದ್ದ ಒಂದು ಹೊಸ ಚಪ್ಪಡಿ ಕಲ್ಲನ್ನು ಹುಡುಕಿ ಅಲ್ಲಿಗೆ ಅಂಟಿಸಿದಳು. ಆ ಕಲ್ಲು ಬೇಲಿಯ ಕಂಬಿಗಳ ಕೆಳಗೆ ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಯಂತ್ರ ಮೊಬೈಲ್ ಸಿಮ್ಮಿನ ಮೂಲಕ ಅಂಕಿಗಳನ್ನು ಕಚೇರಿಗೇ ಕಳಿಸುತ್ತಿತ್ತು. ಹೆಚ್ಚು ಜಾಗ ಹಿಡಿಯದಿರಲಿ ಎಂದು, ಪ್ರತಿ ಕಾಲು ಗಂಟೆಗೆ ಬಂದ ಅತಿ ದೊಡ್ಡ ಅಂಕಿಯನ್ನು ಮಾತ್ರ ಬರೆದುಕೊಳ್ಳುವಂತೆ ಹೊಂದಿಸಿದ್ದೆವು.

ಒಂದು ತಿಂಗಳ ಅಂಕಿಗಳು ಬಂದವು. ಹಗಲೆಲ್ಲ ಸಾಧುವಾಗಿದ್ದ ಕಲ್ಲು ಕೆಲವು ಸಂಜೆ ಮಾತ್ರ ರೇಗುತ್ತಿತ್ತು. ನಡುಕದ ವೇಗ ಸೆಕೆಂಡಿಗೆ ನಾಲ್ಕು ಮಿಲಿಮೀಟರಿನ ತನಕ ಏರುತ್ತಿತ್ತು. ಶುಕ್ರವಾರ ಇನ್ನೂ ಜಾಸ್ತಿ. ರಸ್ತೆಯ ದಟ್ಟಣೆ ಇರಬೇಕು ಎಂದು ಇಬ್ಬರೂ ಒಪ್ಪಿದೆವು, ವರದಿಯ ಕರಡಿನ ನಾಲ್ಕನೇ ಅಧ್ಯಾಯದಲ್ಲಿ ಹಾಗೆಯೇ ಬರೆದೆವು. ಸ್ಟೇಷನ್ ಕೆಲಸದ ನಡುಕ ಎರಡು ಮಿಲಿಮೀಟರ್ ದಾಟಬಾರದು, ಆದ್ದರಿಂದ ನಿಯಂತ್ರಿತ ಪ್ರದೇಶದಲ್ಲಿ ಸಿಡಿಮದ್ದು ಬೇಡ, ಬಂಡೆಯನ್ನು ಗರಗಸದಿಂದ ಕೊಯ್ದೋ ಯಂತ್ರದಿಂದ ಸೀಳಿಯೋ ತೆಗೆಯಬೇಕು ಎಂದು ಸೌಜನ್ಯ ಶಿಫಾರಸು ಮಾಡಿದಳು.

ಮೆಟ್ರೋ ಕಡೆಯ ಎಂಜಿನಿಯರ್ ನಟರಾಜ ಅರಕಲಗೂಡಿನವರು. ಒಳ್ಳೆಯ ಮನುಷ್ಯ. ಆದರೆ ಬೆಂಗಳೂರಿನ ಕರಿಬಂಡೆಯ ಜೊತೆ ಹೆಣಗಾಡಿ ಅವರ ತಲೆಗೂದಲು ಅರ್ಧ ಖಾಲಿಯಾಗಿತ್ತು. ಕರಡು ಓದಿ ನಗುನಗುತ್ತಾ ಸಭೆಗೆ ಬಂದರು.

"ಮೇಡಂ, ನಿಮ್ಮ ಲೆಕ್ಕದಲ್ಲೇ ಮಂಟಪ ವಾರವಾರ ನಾಲ್ಕು ತಡ್ಕೊಂಡು ನಿಂತೈತೆ. ಏನೂ ಆಗಿಲ್ಲ. ಅಂದ್ಮೇಲೆ ನಮಗೆ ಯಾಕೆ ಎರಡು? ಐದು ಕೊಡಿ. ಸಣ್ಣ ಸಣ್ಣ ಸಿಡಿತ ಮಾಡ್ಕೊಂಡು ಬೇಗ ಮುಗಿಸ್ತೀವಿ. ಗರಗಸ ಇಟ್ಕೊಂಡು ಕೂತ್ರೆ ಇನ್ನೊಂದು ವರ್ಷ ಜನ ಧೂಳು ಕುಡೀಬೇಕು."

ಸೌಜನ್ಯ ಜಗಳಕ್ಕೆ ನಿಲ್ಲುವ ಬದಲು ಕರಡನ್ನು ಎಳೆದುಕೊಂಡು ತನ್ನದೇ ಅಂಕಿಗಳನ್ನು ಮತ್ತೆ ಓದತೊಡಗಿದಳು. ನಾನು ಏಳು ವರ್ಷದಲ್ಲಿ ಮೊದಲ ಸಲ ಕಂಡ ದೃಶ್ಯ ಅದು. ಅಂಕಿ ಅವಳದೇ, ಸಹಿ ಅವಳದೇ, ಏನಂತ ಎದುರಾಡುವುದು? ಐದು ಒಪ್ಪಿದರೆ ಉತ್ತರದ ತೊಲೆಯ ಗತಿ ಅವಳಿಗೆ ಗೊತ್ತು. ಒಪ್ಪದಿದ್ದರೆ ಹಟಮಾರಿ ಎಂದು ವರದಿಯನ್ನೇ ಮೂಲೆಗೆ ಹಾಕುತ್ತಾರೆ. ಹತ್ತು ದಿನ ಕಾಲಾವಕಾಶ ಕೇಳಿ ಎದ್ದು ಬಂದೆವು.

ಆ ಶನಿವಾರ ನನಗೆ ಹಾಸನದ ಹತ್ತಿರ ಹಳೇ ಸೇತುವೆಯೊಂದನ್ನು ನೋಡುವ ಕೆಲಸವಿತ್ತು. ಮಂಟಪದಿಂದ ಬಿಚ್ಚಿದ್ದ ಯಂತ್ರವನ್ನೂ ಕಚೇರಿಯಲ್ಲಿದ್ದ ಅಂಥದೇ ಇನ್ನೊಂದನ್ನೂ ಕಾರಿನ ಹಿಂದೆ ಹಾಕಿಕೊಂಡೆ. ಸೌಜನ್ಯಳೂ ಹತ್ತಿದಳು. ಅವಳಪ್ಪ ಹೊಸ ಕರೆಂಟಿನ ಸ್ಕೂಟರ್ ತಂದಿದ್ದರು, ಮಗಳು ಬಾರದೆ ಪೂಜೆ ಮಾಡುವುದಿಲ್ಲ ಎಂದು ಕೂತಿದ್ದರು. ದಾರಿಯಲ್ಲಿ ಹಿರೀಸಾವೆಯಲ್ಲಿ ಕಾಫಿಗೆ ಇಳಿದೆವು. ಅವಳ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗಿ ಹೋಯಿತು. "ತಿನ್ನು ಮಾರಾಯ್ತಿ, ಇಡ್ಲಿಗೇನು ಬಿರುಕು ಬಿಟ್ಟಿಲ್ಲ" ಅಂದೆ. ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಕಾಫಿಯೇ ಆರಿತು.

ನುಗ್ಗೇಹಳ್ಳಿಯ ಮನೆ ಮುಂದೆ ಸ್ಕೂಟರ್ ಸ್ನಾನ ಮಾಡಿ, ಸೇವಂತಿಗೆ ಹಾರ ಹಾಕಿಕೊಂಡು ನಿಂತಿತ್ತು. ಚಕ್ರಗಳ ಅಡಿಯಲ್ಲಿ ನಿಂಬೆಹಣ್ಣು. ಸೌಜನ್ಯ ಚಪ್ಪಲಿ ಬಿಟ್ಟು ಚರಂಡಿಗೆ ಹಾಸಿದ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಪುಟ್ಟತಾಯಮ್ಮ ಮಂಗಳಾರತಿ ಎತ್ತಿದರು. ಚನ್ನಪ್ಪ ತೆಂಗಿನಕಾಯಿಯನ್ನು ಮೂರು ಸುತ್ತು ಇಳಿ ತೆಗೆದು, ಅದೇ ಚಪ್ಪಡಿಯ ಇನ್ನೊಂದು ತುದಿಗೆ ಈಡುಗಾಯಿ ಹೊಡೆದರು. ಕಾಯಿ ಚೂರು ಚೂರಾಯಿತು, ನೀರು ನನ್ನ ಪ್ಯಾಂಟಿಗೆ ಹಾರಿತು.

ಸೌಜನ್ಯ ಕಿರುಚಿದಳು.

"ಯಾಕವ್ವಾ, ಚೂರು ತಗುಲ್ತಾ?" ಎಂದು ಚನ್ನಪ್ಪ ಗಾಬರಿಯಾದರು.

"ಅಪ್ಪಾ, ಇನ್ನೊಂದ್ ಒಡಿ! ಇಲ್ಲೇ ಒಡಿ! ಅಂಗಾಲಿಗೆ ಜುಮ್ ಅಂತು!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಶ್ರೇಯಾಂಸ, ಮಂಟಪದ ಬೇಲಿ ಆಚೆ ಏನೈತೆ ಹೇಳು? ರಸ್ತೆ ಕಡೆ?"

ನನಗೂ ಆಗ ಹೊಳೆಯಿತು. ಬೇಲಿಯ ಆಚೆ ಒಂದು ಪುಟ್ಟ ಗಣಪತಿ ಗುಡಿ. ಅದರ ಮುಂದೆ ಹೊಸ ಗಾಡಿಗಳ ಸಾಲು. ಶುಕ್ರವಾರ ಸಂಜೆ ಷೋರೂಮಿನಿಂದ ಬಿಟ್ಟ ಕಾರು, ಬೈಕುಗಳೆಲ್ಲ ಮೊದಲು ಬರುವುದು ಅಲ್ಲಿಗೇ. ಪೂಜೆ ಮುಗಿದ ಮೇಲೆ ಈಡುಗಾಯಿ ಒಡೆಯಲು ಒಂದು ಗಟ್ಟಿ ಕಲ್ಲು ಬೇಕಲ್ಲ? ಅರ್ಧ ಬೇಲಿಯ ಹೊರಗಿದ್ದ ಆ ಚಪ್ಪಡಿ! ನಾವು ಹೋದದ್ದೆಲ್ಲ ಬೆಳಗಿನ ಹೊತ್ತು, ಚೂರು ಗುಡಿಸಿ, ನೀರು ಹಾಕಿ ತೊಳೆದ ಮೇಲೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಇಬ್ಬರು ಎಂಜಿನಿಯರುಗಳು ತೆಂಗಿನಕಾಯಿ ಒಡೆಯುವ ಕಲ್ಲಿಗೇ ಯಂತ್ರ ಅಂಟಿಸಿ, ಬೆಂಗಳೂರಿನ ಬಸ್ಸುಗಳನ್ನು ಬೈದಿದ್ದೆವು.

"ಮಿಷನ್ ಇಳ್ಸೋ!" ಎಂದು ಅಪ್ಪಣೆಯಾಯಿತು.

"ಇಲ್ಲಿನ ಹೊಯ್ಸಳರ ಗುಡಿ ಹತ್ರ ಬೇಡ, ಅದೂ ರಕ್ಷಿತ ಸ್ಮಾರಕವೇ" ಅಂದೆ.

"ನಿನ್ ಬುದ್ಧಿ ನಿನ್ ಹತ್ರ ಇಟ್ಕೊ. ನಮ್ಮನೆ ಚರಂಡಿ ಕಲ್ಲು ಯಾವ ರಾಜನೂ ಹಾಕ್ಸಿಲ್ಲ."

ಒಂದು ಡಬ್ಬಿಯನ್ನು ಚಪ್ಪಡಿಗೆ ಅಂಟಿಸಿದೆವು. ಇನ್ನೊಂದನ್ನು ಐದಾರು ಮಾರು ದೂರದಲ್ಲಿ ಮನೆ ಜಗಲಿಯ ಬುಡದ ಮೇಲಿಟ್ಟು ಮರಳಿನ ಚೀಲದಿಂದ ಒತ್ತಿದೆವು. ಈ ಸಲ ಬರಿಯ ಅಂಕಿಯಲ್ಲ, ನಡುಕದ ಪೂರ್ತಿ ಅಲೆಯನ್ನೇ ಬರೆಯುವಂತೆ ಹೊಂದಿಸಿದೆ. ಚನ್ನಪ್ಪ ಒಡೆದರು. ನನ್ನ ಲ್ಯಾಪ್‌ಟಾಪಿನಲ್ಲಿ ಗೆರೆ ಸೂಜಿಯ ಹಾಗೆ ಚಿಮ್ಮಿ, ಕಣ್ಣು ಮಿಟುಕಿಸುವುದರೊಳಗೆ ಮಲಗಿತು. ಮೂರು ಚಿಲ್ಲರೆ! ಜಗಲಿಯ ಡಬ್ಬಿಯಲ್ಲಿ ಏನೂ ಇಲ್ಲವೆಂದರೂ ನಡೆದೀತು.

"ಎಷ್ಟ್ ಬಂತು?" ಚನ್ನಪ್ಪ ಕೇಳಿದರು.

"ಮೂರು ಮೇಲೆ ಚೂರು."

"ಅಷ್ಟೇಯಾ? ತಡಿ, ಮೊದಲನೇದು ಸಡ್ಲಾಗಿ ಒಗ್ದೆ."

ಅಷ್ಟು ಹೊತ್ತಿಗೆ ಬೀದಿ ನೆರೆಯಿತು. ಯಾರ ಕಾಯಿಗೆ ಎಷ್ಟು ಬರುತ್ತದೆ ಎಂಬ ಪಂದ್ಯ ತಾನಾಗಿಯೇ ಶುರುವಾಯಿತು. ಎದುರು ಮನೆಯ ಮಲ್ಲಿಗಮ್ಮ ಸೆರಗು ಬಿಗಿದು ಬಂದರು. ಮರ ಹತ್ತುವ ಪರಮೇಶ್ ತೋಳೇರಿಸಿ ಹೊಡೆದ ಏಟಿಗೆ ನಾಲ್ಕು ದಾಟಿತು, ಜನ ಸಿಳ್ಳೆ ಹೊಡೆದರು. ಚನ್ನಪ್ಪನವರ ಮುಖ ಕಪ್ಪಿಟ್ಟಿತು. "ಅದು ಒಣಗಿದ ಕಾಯಿ ಕಣ್ಲಾ, ಲೆಕ್ಕಕ್ಕಿಲ್ಲ!" ಎಂದು ತಕರಾರು ತೆಗೆದರು.

"ನಿಮ್ ಮೆಟ್ರೋ ಹಾಳಾಗ, ಚೂರು ಆಯ್ಕೊಳ್ರಪ್ಪ, ತುಳಿದಾಡ್ಬ್ಯಾಡಿ! ನಾಳೀಕೆ ಬೀದಿಯೋರಿಗೆಲ್ಲ ಕಾಯಿಹೋಳಿಗೆ ನಾನೇ ಮಾಡ್ಬೇಕು" ಎಂದು ಪುಟ್ಟತಾಯಮ್ಮ ಬುಟ್ಟಿ ಹಿಡಿದು ಓಡಾಡಿದರು. ಸೌಜನ್ಯ ಒಂದೊಂದು ಏಟಿಗೂ ಕುಣಿಯುತ್ತಿದ್ದಳು. ನಾನೂ ಕುಣಿದೆ ಅಂತ ಆಮೇಲೆ ಯಾರೋ ವಿಡಿಯೋ ತೋರಿಸಿದರು. ನಂಬಬೇಡಿ, ನಾನು ವೈರು ದಾಟುತ್ತಿದ್ದೆ.

ಸೋಮವಾರ ಮಂಟಪಕ್ಕೆ ಓಡಿದೆವು. ಅಲ್ಲಿನ ಕಾವಲುಗಾರ ಗಂಗಯ್ಯನನ್ನು ಕೇಳಿದರೆ, "ಕಾಯಿ ಒಡೆಯೋದನ್ನ ಅಳೆಯೋಕೇ ಅಲ್ಲಿ ಇಟ್ಟಿದ್ದೀರ ಅಂದ್ಕೊಂಡಿದ್ದೆ ಸಾ. ಸರ್ಕಾರದೋರು ಏನೇನೋ ಅಳೀತಾರೆ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ಮಾರಕದ ಅಧಿಕಾರಿಗಳ ಒಪ್ಪಿಗೆ ಪಡೆದು, ಈ ಸಲ ಉತ್ತರದ ಕಂಬಗಳ ಬುಡದಲ್ಲೇ ಡಬ್ಬಿಗಳನ್ನು ಇಟ್ಟೆವು. ಅಂಟಿಲ್ಲ, ಮರಳಿನ ಚೀಲದ ಭಾರ ಮಾತ್ರ. ಚಪ್ಪಡಿಯ ಮೇಲೂ ಒಂದು. ಶುಕ್ರವಾರ ಸಂಜೆ ಅಲ್ಲೇ ಕೂತೆವು. ಹೊಸ ಕಾರೊಂದು ಬಂತು, ಕಾಯಿ ಸಿಡಿಯಿತು. ಚಪ್ಪಡಿ ನಾಲ್ಕು ಎಂದು ಕೂಗಿತು. ಕಂಬದ ಬುಡ ಅರ್ಧ ಮಿಲಿಮೀಟರನ್ನೂ ಮುಟ್ಟಲಿಲ್ಲ. ಬಿಎಂಟಿಸಿ ಬಸ್ಸು ಹಾದಾಗಲೂ ಅಷ್ಟೇ. ಮಂಟಪ ಇಷ್ಟು ಕಾಲ ನಿಂತದ್ದು ನಡುಕ ತಡೆದುಕೊಂಡಲ್ಲ, ನಡುಕವೇ ಬಾರದ್ದರಿಂದ.

"ಗೆದ್ದೆ ಕಣೇ!" ಅಂದೆ.

ಅವಳ ಮುಖ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಗೆಲ್ಲೋದು ಹೆಂಗೆ? ನಾಲ್ಕು ಅಂತ ನಾವೇ ಬರ್ದ ಹಳೇ ಅಧ್ಯಾಯ ಮೆಟ್ರೋದವರ ಕೈಲೈತಲ್ಲ."

ನಮ್ಮ ಬಾಸ್ ಬಹಳ ನಯವಾಗಿ ದಾರಿ ತೋರಿಸಿದರು. ಹೊಸ ಅಂಕಿಗಳನ್ನು ಹಾಕಿ, 'ಪರಿಷ್ಕೃತ' ಎಂದು ಬರೆದು ಸುಮ್ಮನಾಗಿ, ಯಾಕೆ ಪರಿಷ್ಕೃತ ಎಂದು ಹೇಳಬೇಕಿಲ್ಲ ಅಂದರು. ತೆಂಗಿನಕಾಯಿ ವಿಷಯ ಹೊರಗೆ ಬಂದರೆ ಕಚೇರಿಗೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂಬ ಭಯ ಅವರಿಗೆ. ಸುಳ್ಳೇನಲ್ಲ, ನನಗೂ ಇತ್ತು.  ಸೌಜನ್ಯಳ ಮೊದಲ ಸಹಿ, ಅದಕ್ಕೇ ಮಸಿ. ಮೂರು ತಿಂಗಳು ಎದೆಯುಬ್ಬಿಸಿ ಓಡಾಡಿದ ಹುಡುಗಿ ಕಿಟಕಿಯ ಹತ್ತಿರ ಕೂತು ಉಗುರು ಕಚ್ಚುವುದನ್ನು ನೋಡಿ ನನಗೆ ಪಾಪ ಅನ್ನಿಸಿತು, ಇದನ್ನು ಅವಳ ಮುಂದೆ ಎಂದೂ ಹೇಳುವವನಲ್ಲ.

ಮೆಟ್ರೋ ಕಚೇರಿಯ ಸಭೆಯಲ್ಲಿ ನಟರಾಜ ಹಳೆಯ ಕರಡನ್ನು ತೆರೆದಿಟ್ಟುಕೊಂಡು ಸಿದ್ಧರಾಗಿದ್ದರು. ಅವರು ಬಾಯಿ ತೆರೆಯುವ ಮುಂಚೆಯೇ ಸೌಜನ್ಯ ಎದ್ದು ನಿಂತಳು.

"ನಾಲ್ಕನೇ ಅಧ್ಯಾಯ ತಪ್ಪು. ತಪ್ಪು ನನ್ನದು. ಹಳೇ ಕಲ್ಲಿಗೆ ಅಂಟು ತಾಗದಿರಲಿ ಅಂತ ಹೊಸ ಕಲ್ಲಿಗೆ ಹಚ್ಚಿದೆ. ಅದು ಈಡುಗಾಯಿ ಒಡೆಯೋ ಕಲ್ಲು."

 ಯಾರೋ ಫಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು, ಆದರೆ ಕೂರಲಿಲ್ಲ. ಪರದೆಯ ಮೇಲೆ ಮೊದಲು ನುಗ್ಗೇಹಳ್ಳಿಯ ಚರಂಡಿ ಕಲ್ಲಿನ ಸೂಜಿ ಗೆರೆ ತೋರಿಸಿದಳು. ಪಕ್ಕದಲ್ಲಿ ಮಂಟಪದ ಚಪ್ಪಡಿಯ ಗೆರೆ. ಎರಡೂ ಅವಳಿ ಮಕ್ಕಳು. ಆಮೇಲೆ ಕಂಬದ ಬುಡದ ಚಪ್ಪಟೆ ಗೆರೆ. ಕೊನೆಗೆ, ಬೇರೊಂದು ಸ್ಟೇಷನ್ನಿನ ಗುಂಡಿಯಲ್ಲಿ ಸಿಡಿತದಿಂದ ಬಂದ ಗೆರೆ. ಅದು ಸೂಜಿಯಲ್ಲ, ಉಬ್ಬಿ ಉಬ್ಬಿ ಎಳೆಯುವ ಅಲೆ. ತೊಲೆ ಕಂಬಗಳನ್ನು ಒಟ್ಟಿಗೆ ತೂಗುವಂಥದ್ದು.

"ಕಾಯಿ ಕಲ್ಲನ್ನ ಚುಚ್ತದೆ, ಅಲ್ಲೇ ಸಾಯ್ತದೆ. ಇದು ಇಡೀ ಮಂಟಪಾನ ಅಲ್ಲಾಡಿಸ್ತದೆ. ಮಂಟಪ ಇದುವರೆಗೂ ಅರ್ಧವನ್ನೂ ಕಂಡಿಲ್ಲ ಸರ್. ಐದು ಕೊಡಲ್ಲ. ಎರಡೂ ನನ್ನ ಮನಸ್ಸಿಗೆ ಜಾಸ್ತಿನೇ."

ಈಗ ಯಾರೂ ನಗುತ್ತಿರಲಿಲ್ಲ.  ನಟರಾಜ ಎದ್ದು ಪರದೆಯ ಹತ್ತಿರ ಹೋಗಿ ಸಿಡಿತದ ಅಲೆಯ ಉದ್ದವನ್ನು ಬೆರಳಿನಿಂದ ಅಳೆದರು. "ನನ್ ಒಂದು ವರ್ಷ ತಿಂದಾಕ್ಬುಟ್ರಿ ಮೇಡಂ" ಎಂದು ಅರಕಲಗೂಡಿನ ಕನ್ನಡದಲ್ಲೇ ಹೇಳಿ, ಹಳೆಯ ಕರಡನ್ನು ಮಡಚಿಟ್ಟರು.

ವರದಿ ತಪ್ಪಿನ ಸಮೇತ ಅರ್ಜಿಯ ಜೊತೆ ಹೋಯಿತು. ಪ್ರಾಧಿಕಾರದವರು ಪ್ರಶ್ನೆ ಕೇಳಿದರು, ಇನ್ನೊಮ್ಮೆ ಕೇಳಿದರು, ಕಡೆಗೆ ಒಪ್ಪಿಗೆ ಕೊಟ್ಟರು. ಷರತ್ತುಗಳು ಅವಳವೇ: ನಿಯಂತ್ರಿತ ಪ್ರದೇಶದಲ್ಲಿ ಸಿಡಿಮದ್ದು ಕೂಡದು. ಗುಂಡಿ ತೋಡುವ ಮೊದಲು ಉತ್ತರದ ತೊಲೆಗೆ ತಾತ್ಕಾಲಿಕ ಆಸರೆ. ಕಂಬದ ಬುಡದಲ್ಲಿ ಸದಾ ಕಂಪನ ಮಾಪಕ. ಒಂದೂವರೆಗೆ ಎಲ್ಲರ ಫೋನಿಗೂ ಎಚ್ಚರಿಕೆ, ಎರಡಕ್ಕೆ ಕೆಲಸ ನಿಲ್ಲಬೇಕು. ಆದೇಶ ಬಂದ ದಿನ ಅವಳು ಕಚೇರಿಯಲ್ಲಿ ಕುರ್ಚಿಯ ಮೇಲೆ ಹತ್ತಿ ಓದಿದಳು. ಬಾಸ್ ಸ್ವತಃ ಜಿಲೇಬಿ ತರಿಸಿದರು.

ಆದರೂ ಒಳಗೊಳಗೆ ಅವಳಿಗೆ ನಂಬಿಕೆಯಿರಲಿಲ್ಲ. ಕಾಗದದ ಮೇಲಿನ ಷರತ್ತು ಬೇರೆ, ಗುಂಡಿಯೊಳಗಿನ ಅವಸರ ಬೇರೆ. "ಎರಡರವರೆಗೂ ನಮ್ಮದೇ ರಾಜ್ಯ ಅಂತ ಒಂದು ಬಿಂದು ಒಂಬತ್ತರಲ್ಲೇ ದಿನಾ ಓಡಿಸ್ತಾರೆ ನೋಡ್ತಿರು" ಎನ್ನುತ್ತಿದ್ದಳು. ಫೋನ್ ಮಿಡಿದರೆ ಬೆಚ್ಚುತ್ತಿದ್ದಳು.

ಬಂಡೆ ಒಡೆಯುವುದು ಶುರುವಾದ ಮೂರನೇ ವಾರ ನಾವು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿದ್ದೆವು, ಅವಳು ಊರಿಗೆ ಹೊರಟಿದ್ದಳು. ಕಡ್ಲೆಕಾಯಿ ಪೊಟ್ಟಣ ಕೈಯಲ್ಲಿರುವಾಗಲೇ ಇಬ್ಬರ ಫೋನೂ ಒಟ್ಟಿಗೆ ಕೂಗಿದವು. ಒಂದು ಬಿಂದು ಆರು. ಉಬ್ಬಿ ಎಳೆಯುವ ಅಲೆ, ಕಾಯಿಯ ಸೂಜಿಯಲ್ಲ. ಪೊಟ್ಟಣ ಬಿತ್ತು. ನಿಯಮದ ಪ್ರಕಾರ ಮೆಟ್ರೋದವರು ಇನ್ನೂ ನಿಲ್ಲಿಸಬೇಕಿರಲಿಲ್ಲ, ನಮಗೆ ತಿಳಿಸಿದರೆ ಸಾಕಿತ್ತು. ಅವಳು ಕಾಲು ಗಂಟೆ ಮೇಲಿಂದ ಮೇಲೆ ನಟರಾಜರಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಕಡೆಗೆ ಫೋನ್ ತಾನೇ ಹೊಡೆದುಕೊಂಡಿತು. ಎತ್ತಿ ಸ್ಪೀಕರಿಗೆ ಹಾಕಿದಳು.

ಆ ಕಡೆ ಯಂತ್ರದ ಸದ್ದೇ ಇಲ್ಲ. ಕೆಲಸಗಾರರ ಗುಜುಗುಜು ಮಾತ್ರ.

"ಮೇಡಂ, ನಟರಾಜ. ನಮ್ಮೋರು ಬಂಡೆ ಒಡೆಯೋ ಹೊಸ ಬ್ರೇಕರ್ ತಂದಿದ್ರು, ಭಾರಿ ಐತೆ ಅದು. ನಿಲ್ಸ್‌ಬುಟ್ಟಿದ್ದೀನಿ. ಗುಂಡಿ ಪೂರ್ತಿ ನಿಲ್ಸಿದ್ದೀನಿ. ಈಗ ಮಂಟಪದೊಳಗೇ ನಿಂತಿವ್ನಿ, ನಿಮ್ಮ ತೊಲೆ ಕೆಳಗೆ. ಬಿರುಕು ಅಳ್ದೆ, ಕೂದಲೆಳೆಯಷ್ಟೂ ಅಗಲ ಆಗಿಲ್ಲ. ಆ ಬ್ರೇಕರ್ ವಾಪಸ್ ಕಳ್ಸೋಗಂಟ ನಾನು ಇಲ್ಲಿಂದ ಕದ್ಲಕ್ಕಿಲ್ಲ. ನೀವು ಊರಿಗೆ ಓಗಿ."

 ಬಸ್ಸುಗಳ ಹಾರನ್ನಿನ ನಡುವೆ, ಅಷ್ಟು ಜನರೆದುರು, ಸೌಜನ್ಯ ಫೋನನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತಳು.